ಟೀ ಅಂಗಡಿ ಫ್ರಾಂಚೈಸಿ: ಮುಂಗಡ ಕಟ್ಟುವ ಮೊದಲು ಒಂದು ಕಪ್ಪಿನ ಲೆಕ್ಕ ಕೇಳಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಯುವಕರ ಮೊಬೈಲುಗಳಲ್ಲಿ ಟೀ ಅಂಗಡಿ ಫ್ರಾಂಚೈಸಿಯ ಜಾಹೀರಾತೊಂದು ಈಗ ಹರಿದಾಡುತ್ತಿದೆ. ಹೂಡಿಕೆ ಎರಡೂವರೆಯಿಂದ ನಾಲ್ಕು ಲಕ್ಷ. ತರಬೇತಿ, ಟೀ ಮಾಸ್ಟರ್, ಸ್ಥಳ ಪರಿಶೀಲನೆ, ಪ್ರಚಾರ ಎಲ್ಲವೂ ಸಂಸ್ಥೆಯದೇ. ಕೊನೆಯಲ್ಲಿ ‘ನಿಜ ಹೇಳುತ್ತೇವೆ’ ಎಂಬ ತಲೆಬರಹದಡಿ, ಮೊದಲ ಮೂರು ತಿಂಗಳು ಲಾಭ ನಿರೀಕ್ಷಿಸಬೇಡಿ, ಶ್ರಮವಿಲ್ಲದೆ ಇದು ನಡೆಯದು ಎಂಬ ಎರಡು ಸಾಲು. ಇದೇ ಬಗೆಯ ಜಾಹೀರಾತಿನ ಮೂಲಕ ನನ್ನ ತಮ್ಮ ದಾವಣಗೆರೆಯ ಹದಡಿ ರಸ್ತೆಯಲ್ಲಿ ಅಂಗಡಿ ತೆರೆದ. ಅದರ ಲೆಕ್ಕಪತ್ರವನ್ನು ಆರಂಭದಿಂದ ನಾನೇ ಬರೆದಿಟ್ಟಿದ್ದರಿಂದ, ಹಣ ಎಲ್ಲಿ ಸೋರಿತು ಎಂಬುದನ್ನು ಅಂಕಿಗಳ ಸಮೇತ ಹೇಳಬಲ್ಲೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವ್ಯಾಜ್ಯ ಇನ್ನೂ ಮುಗಿದಿಲ್ಲ ಎಂಬುದು ಒಂದು ಕಾರಣವಾದರೆ, ಇದೇ ಮಾದರಿಯ ಷರತ್ತುಗಳನ್ನು ಹಲವು ಹೆಸರುಗಳಲ್ಲಿ ಕಂಡಿದ್ದೇನೆ ಎಂಬುದು ಇನ್ನೊಂದು ಕಾರಣ.

ಮುಂಗಡ ಪಡೆದು ಫೋನ್ ಆಫ್ ಮಾಡಿಕೊಂಡು ಮಾಯವಾಗುವ ನಕಲಿಗಳ ಕಥೆ ಇದಲ್ಲ. ಹಾಗೆ ಮೋಸ ಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ನಾನು ಹೇಳಹೊರಟಿರುವ ಸಂಸ್ಥೆಗೆ ಕಚೇರಿಯಿದೆ, ಜಿಎಸ್‌ಟಿ ಸಂಖ್ಯೆಯಿದೆ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿಯಿದೆ. ಇಲ್ಲಿ ಎಲ್ಲವೂ ಒಪ್ಪಂದದ ಪ್ರಕಾರವೇ ನಡೆಯುತ್ತದೆ, ತೊಂದರೆ ಇರುವುದೂ ಆ ಒಪ್ಪಂದದಲ್ಲಿಯೇ.

ಮೊದಲು ಹೂಡಿಕೆಯ ಮಾತು. ಜಾಹೀರಾತಿನ ಎರಡೂವರೆ ಲಕ್ಷವು ಸ್ವಂತ ಜಾಗದಲ್ಲಿ ಇಡುವ ಡಬ್ಬಿ ಅಂಗಡಿಯ ಮೊತ್ತ, ಮತ್ತು ಆ ಮಾದರಿಯನ್ನು ‘ಸದ್ಯ ನಗರದೊಳಗೆ ಕೊಡುತ್ತಿಲ್ಲ ಸರ್’ ಎಂಬ ಉತ್ತರ ಮೊದಲ ಕರೆಯಲ್ಲೇ ಬಂತು. ನಮ್ಮ ವಿಷಯದಲ್ಲಿ ಫ್ರಾಂಚೈಸಿ ಶುಲ್ಕ ಒಂದೂವರೆ ಲಕ್ಷ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 1,77,000 ರೂಪಾಯಿ. ಕೌಂಟರ್, ಒಲೆ, ಬೋರ್ಡು, ಬಿಲ್ಲಿಂಗ್ ಯಂತ್ರಗಳ ‘ಸೆಟಪ್’ ತೆರಿಗೆ ಸೇರಿ 1,88,800. ಕಡ್ಡಾಯವಾಗಿ ಕೊಳ್ಳಬೇಕಾದ ಮೊದಲ ಸರಕು 45,000. ಅಂಗಡಿಯ ಅಡ್ವಾನ್ಸ್ ಒಂದು ಲಕ್ಷ ಮತ್ತು ನಲ್ಲಿ, ಸಿಂಕ್, ವೈರಿಂಗ್, ಟೈಲ್ಸ್‌ಗಳಿಗೆ ತಗುಲಿದ 38,000 ಜಾಹೀರಾತಿನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ. ಒಟ್ಟು ಐದೂವರೆ ಲಕ್ಷಕ್ಕೆ 1,200 ಕಡಿಮೆ. ಅದೇ ಅಳತೆಯ ಸ್ಟೀಲ್ ಕೌಂಟರನ್ನು ಊರಿನ ಫ್ಯಾಬ್ರಿಕೇಶನ್ ಅಂಗಡಿಯವರು ಎಷ್ಟು ಕಡಿಮೆಗೆ ಮಾಡಿಕೊಡುತ್ತಾರೆ ಎಂಬುದನ್ನು ಒಮ್ಮೆ ವಿಚಾರಿಸಿ ನೋಡಿ. ಸಂಸ್ಥೆಗೆ ಲಾಭ ಬರಲು ನಿಮ್ಮ ಅಂಗಡಿ ನಡೆಯಲೇಬೇಕೆಂದೇನೂ ಇಲ್ಲ, ತೆರೆದರೆ ಸಾಕು ಎಂಬುದು ಆಗಲೇ ತಿಳಿಯುತ್ತದೆ.

ಆದರೂ ಹೂಡಿಕೆ ಒಂದು ಬಾರಿಯ ನೋವು. ಪ್ರತಿದಿನ ಕೊರೆಯುವುದು ಸರಬರಾಜಿನ ಷರತ್ತು. ಟೀ ಪುಡಿ ಮತ್ತು ಮಸಾಲೆಯ ಮಿಶ್ರಣವನ್ನೂ, ಹೆಸರು ಮುದ್ರಿಸಿದ ಕಾಗದದ ಕಪ್ಪುಗಳನ್ನೂ ಸಂಸ್ಥೆಯಿಂದಲೇ, ಅದು ಕಾಲಕಾಲಕ್ಕೆ ನಿಗದಿಪಡಿಸಿದ ದರದಲ್ಲಿಯೇ ಕೊಳ್ಳತಕ್ಕದ್ದು ಎಂದು ಒಪ್ಪಂದ ಹೇಳುತ್ತದೆ. ಮಿಶ್ರಣದ ದರ ಕೆ.ಜಿ.ಗೆ 900 ರೂಪಾಯಿ. ‘ರಹಸ್ಯ ಪಾಕ’ ಎಂದು ಸಂಸ್ಥೆ ಕರೆಯುವ ಆ ಪೊಟ್ಟಣವನ್ನು ಚೌಕಿಪೇಟೆಯ ಟೀ ಪುಡಿ ವ್ಯಾಪಾರಿಯೊಬ್ಬರ ಮುಂದಿಟ್ಟೆವು. ಅವರು ಒಂದು ಚಿಟಿಕೆಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ತಿಕ್ಕಿ, ಮೂಸಿ, ಉಳಿದದ್ದನ್ನು ಬಿಳಿ ಹಾಳೆಯ ಮೇಲೆ ಹರಡಿ, “ಇದು ಡಸ್ಟ್ ಟೀ ಸರ್. ಸ್ವಲ್ಪ ಶುಂಠಿ ಪುಡಿ, ಉಳಿದದ್ದೆಲ್ಲ ಏಲಕ್ಕಿ ಫ್ಲೇವರ್. ನಾಕುನೂರಕ್ಕೆ ನಾನೇ ಮಾಡಿ ಕೊಡ್ತೀನಿ, ಅದರಾಗೂ ನನಗೆ ಲಾಭ ಐತಿ” ಎಂದರು. ರಹಸ್ಯ ಬಯಲಾದ ಮೇಲೂ ನಾವು ಅವರಿಂದ ಕೊಳ್ಳುವಂತಿರಲಿಲ್ಲ. ಹೊರಗಿನ ಪುಡಿ ಬಳಸಿದ್ದು ಗೊತ್ತಾದರೆ ದಂಡ ತೆತ್ತು ಅಂಗಡಿ ಮುಚ್ಚಬೇಕೆಂಬ ಷರತ್ತಿಗೆ ಸಹಿ ಬಿದ್ದಾಗಿತ್ತು.

ಈಗ ಒಂದು ಕಪ್ಪಿನ ಲೆಕ್ಕವನ್ನು ನೋಡೋಣ. ಒಂದು ಕಪ್ಪಿಗೆ 50 ಮಿ.ಲೀ. ಹಾಲು, ಲೀಟರಿಗೆ 48 ರೂಪಾಯಿಯಂತೆ ಎರಡು ರೂಪಾಯಿ ನಲವತ್ತು ಪೈಸೆ. ಒಂದು ಕೆ.ಜಿ. ಮಿಶ್ರಣದಿಂದ ನಮಗೆ ಸುಮಾರು 360 ಕಪ್ ಬರುತ್ತಿತ್ತು, ಅಂದರೆ ಕಪ್ಪಿಗೆ ಎರಡೂವರೆ ರೂಪಾಯಿ. ಹಾಲಿಗಿಂತ ಪುಡಿಗೆ ಹೆಚ್ಚು ತೆರುವ ಟೀ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಕ್ಕರೆಗೆ 30 ಪೈಸೆ, ಮುದ್ರಿತ ಕಪ್ಪಿಗೆ ಒಂದು ರೂಪಾಯಿ ಹತ್ತು ಪೈಸೆ, ವಾಣಿಜ್ಯ ಸಿಲಿಂಡರಿನ ಗ್ಯಾಸಿಗೆ 65 ಪೈಸೆ. ಒಟ್ಟು ಆರು ರೂಪಾಯಿ ತೊಂಬತ್ತೈದು ಪೈಸೆ. ಮಾರಾಟದ ಮೇಲೆ ಶೇ 5ರ ರಾಯಲ್ಟಿಯೆಂದು ಇನ್ನೂ 60 ಪೈಸೆ. ಅಕ್ಕಪಕ್ಕದಲ್ಲಿ ಹಾಫ್ ಟೀ ಹತ್ತು ರೂಪಾಯಿಗೆ ಸಿಗುವಲ್ಲಿ ನಾವು ಹನ್ನೆರಡಕ್ಕೆ ಮಾರಿದೆವು. ಕೈಯಲ್ಲಿ ಉಳಿದದ್ದು ಕಪ್ಪಿಗೆ ನಾಲ್ಕು ರೂಪಾಯಿ ನಲವತ್ತೈದು ಪೈಸೆ. ಕುದಿಸಿಟ್ಟು ಮಾರಾಟವಾಗದೆ ಚೆಲ್ಲಿದ ಟೀಯನ್ನು ಇದರಲ್ಲಿ ಹಿಡಿದಿಲ್ಲ.

ಸಂಸ್ಥೆ ತೋರಿಸಿದ ಹಾಳೆಯಲ್ಲಿ ದಿನಕ್ಕೆ 400 ಕಪ್, ಕಪ್ಪಿಗೆ 15 ರೂಪಾಯಿ, ಖರ್ಚು ಐದು ರೂಪಾಯಿ ಎಂದಿತ್ತು. ಕಾಲೇಜುಗಳಿಗೆ ರಜೆ ಬಿದ್ದ ದಿನಗಳೂ ಸೇರಿ ನಮ್ಮ ಸರಾಸರಿ ದಿನಕ್ಕೆ 220 ಕಪ್. ಅದರಂತೆ ತಿಂಗಳಿಗೆ ಉಳಿಯುವುದು 29,370 ರೂಪಾಯಿ. ಬಾಡಿಗೆ 11,000, ಟೀ ಮಾಸ್ಟರ್ ಸಂಬಳ 15,000, ಕರೆಂಟು, ನೀರು, ಸ್ವಚ್ಛತೆಗೆ 3,000. ಇವನ್ನು ಕಳೆದರೆ ಬೆಳಗಿನ ಐದು ಗಂಟೆಗೆ ಬಾಗಿಲು ತೆಗೆಯುತ್ತಿದ್ದ ನನ್ನ ತಮ್ಮನಿಗೆ ಇಡೀ ತಿಂಗಳಿಗೆ ಸಿಗುತ್ತಿದ್ದದ್ದು 370 ರೂಪಾಯಿ ಮತ್ತು ಬಿಸ್ಕತ್ತು ಮಾರಿದ ಚಿಲ್ಲರೆ ಲಾಭ.

ಇದೇ ಅಂಗಡಿಯನ್ನು, ಇದೇ 220 ಕಪ್ಪುಗಳನ್ನು, ಚೌಕಿಪೇಟೆಯ ಪುಡಿ ಮತ್ತು 50 ಪೈಸೆಯ ಸಾದಾ ಕಪ್ ಬಳಸಿ, ರಾಯಲ್ಟಿ ಇಲ್ಲದೆ ನಡೆಸಿದ್ದರೆ ಕಪ್ಪಿಗೆ ಸುಮಾರು ಎರಡು ರೂಪಾಯಿ ಅರವತ್ತು ಪೈಸೆ ಹೆಚ್ಚು ಉಳಿಯುತ್ತಿತ್ತು. ತಿಂಗಳಿಗೆ ಅದು ಹದಿನೇಳು ಸಾವಿರ ದಾಟುತ್ತದೆ. ಬೋರ್ಡಿನ ಮೇಲಿನ ಹೆಸರಿಗಾಗಿ ಜನ ಎರಡು ರೂಪಾಯಿ ಹೆಚ್ಚು ಕೊಟ್ಟದ್ದು ನಿಜವೆಂದು ಒಪ್ಪಿಕೊಂಡರೂ, ಆ ಎರಡು ರೂಪಾಯಿಯೂ ಅದರ ಮೇಲಿನ ಅರವತ್ತು ಪೈಸೆಯೂ ಸಂಸ್ಥೆಗೇ ಹೋದವು.

ನೆರವಿನ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ತರಬೇತಿಯೆಂದರೆ ಕೆಲವು ವಿಡಿಯೋಗಳು ಮತ್ತು ಉದ್ಘಾಟನೆಗೆ ಬಂದು ಮರುದಿನವೇ ಹೊರಟ ಒಬ್ಬ ಹುಡುಗ. ಟೀ ಮಾಸ್ಟರನ್ನು ನಾವೇ ಹುಡುಕಿಕೊಂಡೆವು. ಸ್ಥಳ ಪರಿಶೀಲನೆಯನ್ನು ನಾವು ಕಳುಹಿಸಿದ ಫೋಟೋ ನೋಡಿಯೇ ಮುಗಿಸಿದರು.

ನೆರವಿಗಿಂತ ಹೆಚ್ಚು ಕಾಡಿದ್ದು ನಿರ್ಬಂಧ. ಸಂಸ್ಥೆಯ ಪಟ್ಟಿಯಲ್ಲಿಲ್ಲದ ಯಾವ ತಿನಿಸನ್ನೂ ಮಾರುವಂತಿಲ್ಲ. ಸಂಜೆಯಾದರೆ ಮಂಡಕ್ಕಿ, ಮಿರ್ಚಿಯ ಜೊತೆಗೇ ಟೀ ಕುಡಿಯುವ ಊರಿನಲ್ಲಿ ನಮ್ಮ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಕುಕೀಸ್ ಮತ್ತು ಬನ್ ಮಸ್ಕಾ. ಬಂದವರು ಬಾಣಲೆ ಎಲ್ಲಿದೆ ಎಂದು ಕಣ್ಣಾಡಿಸಿ ಪಕ್ಕದ ಗಾಡಿಗೆ ಹೋಗುತ್ತಿದ್ದರು, ಟೀಯನ್ನೂ ಅಲ್ಲಿಯೇ ಕುಡಿಯುತ್ತಿದ್ದರು. ‘ತಮ್ಮಾ, ಒನ್ ಬೈ ಟೂ ಕೊಡಪ್ಪಾ’ ಎಂದವರಿಗೆ ಇಲ್ಲವೆನ್ನಬೇಕಾಗುತ್ತಿತ್ತು, ಏಕೆಂದರೆ ಒಂದು ಟೀಯ ದುಡ್ಡಿಗೆ ಎರಡು ಮುದ್ರಿತ ಕಪ್ ಹೋದರೆ ಇದ್ದ ಅಲ್ಪ ಲಾಭದಲ್ಲಿ ಕಾಲುಭಾಗ ಅಲ್ಲಿಯೇ ಕರಗುತ್ತದೆ. ಇಬ್ಬರು ಹಂಚಿಕೊಂಡು ಟೀ ಕುಡಿಯಲು ಬಿಡದ ಅಂಗಡಿಗೆ ಈ ಊರಿನಲ್ಲಿ ಗೆಳೆಯರ ಗುಂಪು ಎರಡನೆಯ ಸಲ ಬರುವುದಿಲ್ಲ. ಈ ಎರಡು ವಿಷಯಗಳಿಗೆ ವಿನಾಯಿತಿ ಕೇಳಿ ಬರೆದ ಪತ್ರಕ್ಕೆ, ದೇಶದಾದ್ಯಂತ ಒಂದೇ ಪಟ್ಟಿ ಇರಬೇಕೆಂಬ ಉತ್ತರ ಬಂತು.

ಹೊರಬರಲು ಹೊರಟಾಗ ಜಾಹೀರಾತಿನ ‘ನಿಜ ಹೇಳುತ್ತೇವೆ’ ಎಂಬ ಸಾಲುಗಳ ನಿಜವಾದ ಉಪಯೋಗ ತಿಳಿಯಿತು. ಮಾರಾಟದ ಅಂಕಿಗಳು ಅಂದಾಜು ಮಾತ್ರ, ಅವನ್ನು ನಂಬಿ ಹೂಡಿಕೆ ಮಾಡಿಲ್ಲವೆಂದು ಫ್ರಾಂಚೈಸಿದಾರನು ಒಪ್ಪುತ್ತಾನೆ ಎಂಬ ಕಲಮು ಒಪ್ಪಂದದಲ್ಲಿತ್ತು. ನಾವು ಕಳುಹಿಸಿದ ನೋಟಿಸಿಗೆ ಕೊಟ್ಟ ಉತ್ತರದಲ್ಲಿ ಅದನ್ನೂ ಜಾಹೀರಾತಿನ ಆ ಸಾಲುಗಳನ್ನೂ ಒಟ್ಟಿಗೆ ಉಲ್ಲೇಖಿಸಿ, ಮೊದಲೇ ಎಚ್ಚರಿಸಿದ್ದೆವು ಎಂದು ವಾದಿಸಿದರು. ಶುಲ್ಕ ಮರಳುವುದಿಲ್ಲ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ದಂಡ, ವ್ಯಾಜ್ಯವಿದ್ದರೆ ಹೊರರಾಜ್ಯದ ನಗರದಲ್ಲಿ ಮಧ್ಯಸ್ಥಿಕೆ. ಒಪ್ಪಂದ ಮುಗಿದ ಮೇಲೂ ಎರಡು ವರ್ಷ ಟೀ ವ್ಯಾಪಾರ ಮಾಡಬಾರದೆಂಬ ಷರತ್ತಿಗೆ ಮಾತ್ರ ಅಂಜಬೇಕಿಲ್ಲವೆಂದು ನಮ್ಮ ವಕೀಲರು ಹೇಳಿದರು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು ಅಂಥ ನಿರ್ಬಂಧಕ್ಕೆ ಮಾನ್ಯತೆ ಕೊಡುವುದಿಲ್ಲ. ಆದರೆ ಒಪ್ಪಂದ ಚಾಲ್ತಿಯಲ್ಲಿರುವಷ್ಟು ದಿನ ಪುಡಿ ಮತ್ತು ಪಟ್ಟಿಯ ಷರತ್ತುಗಳಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಎಷ್ಟು ಅಂಗಡಿಗಳು ಮುಚ್ಚಿವೆ ಎಂಬುದನ್ನು ತಾವಾಗಿಯೇ ತಿಳಿಸಬೇಕೆಂಬ ಬಾಧ್ಯತೆಯೂ ಹೀಗಾಗಿ ಸಂಸ್ಥೆಗಳ ಮೇಲಿಲ್ಲ; ನಾವೇ ಕೇಳಿ ಪಡೆಯಬೇಕು.

ಆದ್ದರಿಂದ ಇಂಥ ಜಾಹೀರಾತಿಗೆ ಕರೆ ಮಾಡುವವರು ಟೋಕನ್ ಹಣದ ಮಾತಿಗೆ ಮೊದಲು ಒಪ್ಪಂದದ ಕರಡನ್ನೂ ಕಡ್ಡಾಯ ಸರಕುಗಳ ದರಪಟ್ಟಿಯನ್ನೂ ಕೇಳಿ. ‘ಟೋಕನ್ ಕಟ್ಟಿದ ಮೇಲೆ ಕಳುಹಿಸುತ್ತೇವೆ’ ಎಂದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಕರಡು ಬಂದರೆ ಒಂದು ಕಪ್ಪಿಗೆ ಎಷ್ಟು ಗ್ರಾಂ ಪುಡಿ ಬೇಕು, ಕೆ.ಜಿ.ಗೆ ಎಷ್ಟು ದರ ಎಂಬ ಎರಡು ಅಂಕಿಗಳನ್ನು ಹಿಡಿದು ಮೇಲಿನಂತೆ ಲೆಕ್ಕ ಹಾಕಿ. ದರವನ್ನು ಏರಿಸುವ ಅಧಿಕಾರ ಸಂಸ್ಥೆಯೊಬ್ಬರಿಗೇ ಇದೆಯೇ ಎಂಬುದನ್ನು ವಕೀಲರಿಂದ ಓದಿಸಿ. ನಿಮ್ಮ ಊರಿನ ತಿನಿಸುಗಳಿಗೆ ಅನುಮತಿಯನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಸಂಸ್ಥೆ ಕೊಟ್ಟ ಫೋನ್ ನಂಬರಿನ ಅಂಗಡಿಯವರೆಲ್ಲರೂ ಹೊಗಳಿಯೇ ಹೊಗಳುತ್ತಾರೆ. ಅವರಲ್ಲಿ ಕೆಲವರಿಗೆ ಹೊಸಬರನ್ನು ಸೇರಿಸಿದರೆ ಕಮಿಷನ್ ಉಂಟು. ಅದರ ಬದಲು ಒಂದು ವರ್ಷ ಹಳೆಯದಾದ ಅಂಗಡಿಯೊಂದರ ಎದುರು ಕೆಲಸದ ದಿನ ಬೆಳಗ್ಗೆ ಮತ್ತು ಸಂಜೆ ನಿಂತು ಕಪ್ಪುಗಳನ್ನು ಎಣಿಸಿ, ರಜೆಯ ದಿನವೂ ಒಮ್ಮೆ ಹೋಗಿ ಎಣಿಸಿ. ಮುಚ್ಚಿದ ಅಂಗಡಿಗಳ ಹಳೆಯ ಮಾಲೀಕರು ಸಿಕ್ಕರೆ, ಅವರು ಮಾರಲಿಟ್ಟ ಕೌಂಟರಿಗೆ ಈಗ ಎಷ್ಟು ಬೆಲೆ ಹೇಳುತ್ತಾರೆಂದು ಕೇಳಿ. ನಮ್ಮ ಕೌಂಟರ್, ಒಲೆ, ಫ್ಲಾಸ್ಕುಗಳಿಗೆಲ್ಲ ಸೇರಿ ಇದುವರೆಗೆ ಬಂದ ಅತಿ ಹೆಚ್ಚಿನ ಬೆಲೆ 42,000 ರೂಪಾಯಿ.