ತಿರುಗಿಸುವ ಕೀಯೋ, ಪುಶ್ ಬಟನ್ನೋ?

ಒಂದೇ ಕಾರಿನ ಎರಡು ವೇರಿಯಂಟ್ ಮುಂದಿದ್ದರೆ ಮೊದಲು ಇದು ತಿಳಿದಿರಲಿ: ಇಂಜಿನ್ ಕಾಯುವ ಇಮೊಬಿಲೈಸರ್ ಸಾಮಾನ್ಯವಾಗಿ ಎರಡರಲ್ಲೂ ಇರುತ್ತದೆ. ವ್ಯತ್ಯಾಸವಿರುವುದು ಕಾರು ಕೀಯನ್ನು ಎಷ್ಟು ದೂರದಿಂದ ಗುರುತಿಸುತ್ತದೆ ಎಂಬುದರಲ್ಲಿ.

ತಿರುಗಿಸುವ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿ ಬೇಡದ ಪುಟ್ಟ ಟ್ರಾನ್ಸ್‌ಪಾಂಡರ್ ಚಿಪ್ ಇರುತ್ತದೆ. ಇಗ್ನಿಷನ್ ಸುತ್ತಲಿನ ತಂತಿಸುರುಳಿ ಅದಕ್ಕೆ ವಿದ್ಯುತ್ತನ್ನೂ ಒಂದು ಸಂಖ್ಯೆಯನ್ನೂ ಕಳಿಸುತ್ತದೆ. ಚಿಪ್ ತನ್ನ ಗುಪ್ತ ಸಂಕೇತದಿಂದ ಉತ್ತರ ಲೆಕ್ಕ ಹಾಕಿ ಹಿಂತಿರುಗಿಸುತ್ತದೆ. ಉತ್ತರ ತಪ್ಪಿದರೆ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇಂಧನ ಬಿಡುವುದಿಲ್ಲ. ಅದಕ್ಕೇ ಚಿಪ್ ಇಲ್ಲದ ನಕಲಿ ಕೀ ಬಾಗಿಲು ತೆಗೆದರೂ ಇಂಜಿನ್ ಹತ್ತುವುದಿಲ್ಲ. ಅಸಲಿ ಕೀಯಲ್ಲೂ ಹೀಗಾಗಿ, ಮೀಟರಿನಲ್ಲಿ ಕೀ ಚಿಹ್ನೆಯ ದೀಪ ಮಿಣುಕುತ್ತಿದ್ದರೆ ಎರಡನೇ ಕೀ ಹಾಕಿ ನೋಡಿ. ಅದರಲ್ಲಿ ಸ್ಟಾರ್ಟ್ ಆದರೆ ಮೊದಲ ಕೀಯ ಚಿಪ್ಪೇ ಕೆಟ್ಟಿದೆ. ಎರಡರಲ್ಲೂ ಆಗದಿದ್ದರೆ ಸುರುಳಿಯನ್ನೋ ಅದರ ವೈರನ್ನೋ ಅನುಮಾನಿಸಿ.

ಪುಶ್ ಬಟನ್ನಿನ ಕಾರಿನಲ್ಲಿ, ಅಂದರೆ ಕೀಲೆಸ್‌ನಲ್ಲಿ, ಕೀ ಜೇಬಿನಲ್ಲೇ ಇರುತ್ತದೆ. ಹಿಡಿಕೆ ಮುಟ್ಟಿದಾಗ ಕಾರು ಒಂದೆರಡು ಮೀಟರಿನೊಳಗೆ ಕೇಳಿಸುವಂತೆ ಕರೆಯುತ್ತದೆ, ಕೀ ತನ್ನ ಬ್ಯಾಟರಿಯಿಂದ ರೇಡಿಯೋ ಉತ್ತರ ಕೊಡುತ್ತದೆ. ಮುಳ್ಳಯ್ಯನಗಿರಿಯಲ್ಲಿ ಆ ಬ್ಯಾಟರಿ ಸತ್ತರೂ ಗಾಬರಿ ಬೇಡ: ಕೀಯೊಳಗಿನ ಲೋಹದ ಕೀಯಿಂದ ಬಾಗಿಲು ತೆಗೆದು, ಬ್ರೇಕ್ ಒತ್ತಿ, ಮ್ಯಾನ್ಯುವಲ್ ಆದರೆ ಕ್ಲಚ್ಚನ್ನೂ ಒತ್ತಿ, ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಬಟನ್ ಒತ್ತಿ. ಕೆಲವು ಮಾದರಿಗಳಲ್ಲಿ ತಾಗಿಸುವ ಜಾಗ ಬೇರೆ ಇರುತ್ತದೆ, ಕೈಪಿಡಿ ನೋಡಿಕೊಳ್ಳಿ.

ಕೀಲೆಸ್‌ನ ನಿಜವಾದ ದೌರ್ಬಲ್ಯ ರಿಲೇ ಕಳ್ಳತನ. ಬಾಗಿಲ ಬಳಿ ನೇತುಹಾಕಿದ ಕೀಯ ಸಂಕೇತವನ್ನು ಇಬ್ಬರು ಕಳ್ಳರು ಅಂಗಳದ ಕಾರಿಗೆ ದಾಟಿಸಬಲ್ಲರು. ಇಮೊಬಿಲೈಸರ್ ಅದನ್ನು ಅಸಲಿ ಕೀ ಎಂದೇ ನಂಬುತ್ತದೆ. ಕಾರು ರಸ್ತೆ ಬದಿಯಲ್ಲೇ ರಾತ್ರಿ ಕಳೆಯುವುದಾದರೆ ತಿರುಗಿಸುವ ಕೀಯೇ ಮೇಲು.