ಮೂರನೇ ಸ್ಟಾಪ್‌ಕಾಕಿನ ಕಾಟ: ಶ್ಲೆಂಕ್ ಲೈನಿನೊಂದಿಗೆ ಮೂರು ಮಳೆಗಾಲ

ಕಾಸರಗೋಡಿನ ನಮ್ಮ ಲ್ಯಾಬಿಗೆ ಐದು ಕಾಕಿನ ಗಾಜಿನ ಲೈನ್ ಬಂದು ಮೂರು ವರ್ಷವಾಯಿತು. ಕಾಕ್ ತಿರುಗಿಸಿ ಫ್ಲಾಸ್ಕಿಗೆ ನಿರ್ವಾತವನ್ನೋ ನೈಟ್ರೋಜನನ್ನೋ ಕೊಟ್ಟು, ಗಾಳಿ ತಾಗದಂತೆ ಕೆಲಸ ಮಾಡುವ ಕೊಳವೆಗಳ ಜೋಡಣೆ ಇದು. ಟೆಫ್ಲಾನ್ ಕಾಕಿನದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ ಹೇಳಿದ್ದರು, ನಾವು ಗ್ರೀಸ್ ಹಚ್ಚುವ ಗಾಜಿನದ್ದನ್ನೇ ತಗೊಂಡೆವು. ಮೊದಲ ಬೇಸಿಗೆಯಲ್ಲಿ ಬಹಳ ಖುಷಿಯಾಗಿತ್ತು. ಆಟಿಯ ಮಳೆ ಶುರುವಾದ ಮೇಲೆ ಬೈಗುಳ.

ಒಂದು ದಿನ ಒಣಗಿಸಿದ 100 ಮಿಲಿ ಫ್ಲಾಸ್ಕನ್ನು ಮೂರನೇ ಕಾಕಿಗೆ ಸಿಕ್ಕಿಸಿ, ಮೂರು ಸಲ ನಿರ್ವಾತ, ಮೂರು ಸಲ ನೈಟ್ರೋಜನ್ ಕೊಟ್ಟೆ. ನಂತರ ಗಾಳಿ ತಾಗಿದರೆ ಬಣ್ಣ ಕಳೆದುಕೊಳ್ಳುವ ಸೋಡಿಯಂ-ಬೆಂಜೋಫಿನೋನಿನ ನೀಲಿ ದ್ರಾವಣ ಒಂದು ಮಿಲಿಯಷ್ಟು ಹಾಕಿದರೆ, ಕಣ್ಣೆದುರೇ ಬಣ್ಣ ಹೋಯಿತು. ಒಂದನೇ ಕಾಕಿನ ಫ್ಲಾಸ್ಕಿನಲ್ಲಿ ಅದೇ ನೀಲಿ ಸಂಜೆವರೆಗೂ ಇತ್ತು.

ಲೆಕ್ಕ ಸರಳ. ಪಂಪು 1 ಮಿಲಿಬಾರ್‌ಗೆ ಇಳಿಸಿದರೆ ಪ್ರತಿ ಸುತ್ತಿಗೂ ಗಾಳಿ ಸಾವಿರದಲ್ಲೊಂದು ಪಾಲಾಗುತ್ತದೆ, ಮೂರು ಸುತ್ತಿಗೆ ಲೆಕ್ಕಕ್ಕೇ ಸಿಗದಷ್ಟು. ಆದರೆ ಸೋರುವ ಕಾಕ್ ಈ ಲೆಕ್ಕವನ್ನೇ ಕೆಡಿಸುತ್ತದೆ. ಒತ್ತಡ ತೋರಿಸುವ ಮುಳ್ಳು 5 ಮಿಲಿಬಾರ್‌ನಲ್ಲೇ ನಿಂತಿತ್ತು, ಅಂದರೆ ಪ್ರತಿ ಸುತ್ತಿನ ಕೊನೆಗೂ ಹೊಸದಾಗಿ ನುಗ್ಗಿದ ಗಾಳಿ ಅಷ್ಟೇ ಉಳಿಯುತ್ತದೆ. ಮೂರಲ್ಲ, ಮೂವತ್ತು ಸಲ ಮಾಡಿದರೂ ಅಷ್ಟೇ ಮಾರಾಯ್ರೆ.

ಹಿಡಿಯುವ ಉಪಾಯ ಹೀಗೆ: ಪಂಪಿನ ಕವಾಟ ಮುಚ್ಚಿ, ಕಾಕುಗಳನ್ನು ಒಂದೊಂದಾಗಿ ನಿರ್ವಾತಕ್ಕೆ ತಿರುಗಿಸಿ ಮುಳ್ಳನ್ನು ನೋಡುವುದು. ಗಾಜಿಗೆ ಅಂಟಿದ ತೇವ ಮಾತ್ರವಾದರೆ ಮುಳ್ಳು ಸ್ವಲ್ಪ ಏರಿ ನಿಧಾನವಾಗುತ್ತದೆ. ಸೋರಿಕೆಯಾದರೆ ನಿಲ್ಲದೆ ಒಂದೇ ಸಮ ಏರುತ್ತದೆ. ಮೂರನೆಯದು ನಿಲ್ಲಲೇ ಇಲ್ಲ. ಬಿಚ್ಚಿ ಬೆಳಕಿಗೆ ಹಿಡಿದರೆ ಗ್ರೀಸಿನಲ್ಲಿ ಉದ್ದುದ್ದ ಗೆರೆಗಳು, ಗಾಳಿ ನುಗ್ಗುವ ದಾರಿ ಅದೇ. ಹಳೆಯದನ್ನೆಲ್ಲ ಹೆಕ್ಸೇನಿನಲ್ಲಿ ಒರೆಸಿ, ತೂತಿನ ಬಾಯಿ ಬಿಟ್ಟು ತೆಳುವಾಗಿ ಹಚ್ಚಿ ತಿರುಗಿಸಿದೆ, ಇಡೀ ಕಾಕ್ ಸ್ಪಷ್ಟವಾಗಿ ಕಾಣುವ ತನಕ. ಈಗ ಪ್ರತಿ ಸೋಮವಾರ ಕಾಫಿಗೆ ಮೊದಲು ಇದೇ ಕೆಲಸ. ಜಾಸ್ತಿ ಮೆತ್ತಿದರೆ ಎನ್‌ಎಂಆರ್‌ನಲ್ಲಿ 0.07ರ ಹತ್ತಿರ ಗ್ರೀಸಿನ ಪೀಕು ಬಂದು ಕುಳಿತಿರುತ್ತದೆ.

ಕರೆಂಟ್ ಹೋದರೆ ಇನ್ನೊಂದು ಭಯ. ಪಂಪು ನಿಂತಾಗ ದ್ರವ ನೈಟ್ರೋಜನಿನಲ್ಲಿ ಮುಳುಗಿದ, ಆವಿ ಪಂಪಿಗೆ ಹೋಗದಂತೆ ಹಿಡಿಯುವ ಟ್ರ್ಯಾಪ್‌ನೊಳಗೆ ಗಾಳಿ ನುಗ್ಗುತ್ತಾ ಇದ್ದರೆ ಆಕ್ಸಿಜನ್ ದ್ರವವಾಗಿ ಕೂಡುತ್ತದೆ. ಟ್ರ್ಯಾಪ್‌ನಲ್ಲಿ ತಿಳಿನೀಲಿ ದ್ರವ ಕಂಡರೆ ಅದನ್ನು ಮುಚ್ಚಿ ಬಿಗಿಯಬಾರದು, ಎಲ್ಲರೂ ದೂರ ಹೋಗಬೇಕು.

ಇಷ್ಟೆಲ್ಲ ಬೈದ ಮೇಲೂ, ಗಾಳಿ ತಾಗಿಸದೆ ಒಂದು ಫ್ಲಾಸ್ಕಿನಿಂದ ಇನ್ನೊಂದಕ್ಕೆ ದ್ರವ ಸಾಗಿಸಲು ಕ್ಯಾನುಲಾ ಹಾಕುವ ಹೊತ್ತಿಗೆ ನನ್ನ ಸಿಟ್ಟು ಇಳಿಯುತ್ತದೆ. ಉಕ್ಕಿನ ಸೂಜಿಯನ್ನು ಮೊದಲು ಮೂಲ ಫ್ಲಾಸ್ಕಿನ ದ್ರವದ ಮೇಲಿನ ಜಾಗಕ್ಕೆ ಮಾತ್ರ ಚುಚ್ಚಿ, ನೈಟ್ರೋಜನ್ ಇನ್ನೊಂದು ತುದಿಯಿಂದ ಹೊರಬರಲು ಬಿಡುತ್ತೇನೆ. ಆ ತುದಿ ಎರಡನೇ ಫ್ಲಾಸ್ಕಿಗೆ ಹೋದ ಮೇಲೆ ಅದರ ಗ್ಯಾಸ್ ಮುಚ್ಚಿ, ಸಣ್ಣ ಸೂಜಿಯೊಂದನ್ನು ಬಬ್ಲರಿಗೆ ಕೊಡುವುದು. ಈಗ ಮೊದಲ ತುದಿಯನ್ನು ದ್ರವಕ್ಕೆ ಇಳಿಸಿದರೆ ಆಚೆ ನೀಲಿ ಹನಿಗಳು ಟಪ್ ಟಪ್ ಎಂದು ಬೀಳುತ್ತವೆ. ನಿಲ್ಲಿಸಬೇಕಾದರೆ ಮೊದಲು ತುದಿಯನ್ನು ದ್ರವದಿಂದ ಮೇಲೆತ್ತಬೇಕು, ಆಮೇಲೆ ಉಳಿದದ್ದು.

ದುಡ್ಡಿದ್ದರೆ ಟೆಫ್ಲಾನ್ ಕಾಕಿನದ್ದೇ ತಗೊಳ್ಳಿ. ನಾನು ಸದ್ಯಕ್ಕೆ ಮೂರನೆಯದನ್ನು ಬರೀ ಗಾಜು ಒಣಗಿಸಲು ಇಟ್ಟಿದ್ದೇನೆ.