ಪಹಣಿಯ ಚಿತ್ರ ಕಳುಹಿಸಿ ಕನ್ನಡದಲ್ಲೇ ಉತ್ತರ ಪಡೆಯುವುದು: ಒಂದು ವರ್ಷ ಮೀರಿದ ಬಳಕೆಯ ನಂತರ

ಚಿತ್ರವನ್ನು ನೋಡಿ ಉತ್ತರಿಸುವ ಎಐ ಆ್ಯಪ್ ಒಂದನ್ನು ನಾನು ವರ್ಷಕ್ಕೂ ಮೇಲ್ಪಟ್ಟು ಮುಖ್ಯವಾಗಿ ಒಂದೇ ಕೆಲಸಕ್ಕೆ ಬಳಸುತ್ತಿದ್ದೇನೆ. ಪಹಣಿಯ ಫೋಟೋ ಹಾಕಿ, ಕೆಳಗೆ ಕನ್ನಡದಲ್ಲಿ ಪ್ರಶ್ನೆ ಟೈಪಿಸಿ, ಕನ್ನಡದಲ್ಲೇ ವಿವರಣೆ ಕೇಳುತ್ತೇನೆ. ನಮ್ಮ ಮನೆಯ ಹಿರಿಯರಿಗೆ ಜಮೀನಿನ ಗಡಿಯ ಪ್ರತಿ ಮರವೂ ಗೊತ್ತು, ಆದರೆ ಪಹಣಿಯ ಕಾಲಂಗಳು ಗೊತ್ತಿಲ್ಲ. ಉತ್ತರ ಕನ್ನಡದಲ್ಲಿ ಬಂದರೆ ಅದನ್ನು ಅವರ ಮುಂದೆಯೇ ಓದಿ ಹೇಳಬಹುದು. ಈ ಅನುಕೂಲಕ್ಕಾಗಿಯೇ ನಾನು ಇದನ್ನು ಬಿಟ್ಟಿಲ್ಲ.

ಕಂಪ್ಯೂಟರ್‌ನಲ್ಲಿ ಮುದ್ರಿತವಾದ ಪಹಣಿಯ ಅಕ್ಷರಗಳನ್ನು ಆ್ಯಪ್ ಚೆನ್ನಾಗಿಯೇ ಓದುತ್ತದೆ. ಒಂಬತ್ತನೇ ಕಾಲಂನ ಕಬ್ಜೆದಾರರ ವಿವರ, ಹನ್ನೊಂದನೇ ಕಾಲಂನಲ್ಲಿ ಬ್ಯಾಂಕ್ ಸಾಲದ ಋಣ, ಹನ್ನೆರಡನೇ ಕಾಲಂನ ಬೆಳೆ, ಇವೆಲ್ಲ ಬಹುಮಟ್ಟಿಗೆ ಸರಿಯಾಗಿ ಬರುತ್ತವೆ. ಇಡೀ ಹಾಳೆಯನ್ನು ಒಂದೇ ಚಿತ್ರದಲ್ಲಿ ಕಳುಹಿಸಿದರೆ ಮಾತ್ರ ಸಣ್ಣ ಅಕ್ಷರಗಳು ಕಲಸಿಹೋಗಿ, ಒಬ್ಬರ ವಿಸ್ತೀರ್ಣ ಇನ್ನೊಬ್ಬರ ಹೆಸರಿನ ಎದುರು ಬಂದು ಕೂರುತ್ತದೆ. ಬೇಕಾದ ಭಾಗವನ್ನಷ್ಟೇ ಕತ್ತರಿಸಿ ಕಳುಹಿಸಿದರೆ ಈ ತೊಂದರೆ ಬಹುತೇಕ ಇರುವುದಿಲ್ಲ. ಅನಗತ್ಯವಾದ ಹೆಸರುಗಳೂ ಅದರೊಂದಿಗೆ ಹೊರಗುಳಿಯುತ್ತವೆ.

ನಿಜವಾದ ಅಪಾಯವಿರುವುದು ವಿಸ್ತೀರ್ಣದಲ್ಲಿ. ಪಹಣಿಯಲ್ಲಿ 2.15.00.00 ಎಂದಿದ್ದರೆ 2 ಎಕರೆ 15 ಗುಂಟೆ ಎಂದರ್ಥ. ಆ್ಯಪ್ ಎಷ್ಟೋ ಸಲ ಅದನ್ನು ದಶಮಾಂಶವೆಂದು ತಿಳಿದು 2.15 ಎಕರೆ ಎಂದು ಬರೆಯುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ಸರಿಯಾದ ದಶಮಾಂಶ 2.375. ಇದೇ ಜಮೀನನ್ನು ಇಬ್ಬರಿಗೆ ಸಮನಾಗಿ ಹಂಚಿದರೆ ಎಷ್ಟು ಎಂದು ಕೇಳಿದಾಗ ಬಂದ ಉತ್ತರ ತಲಾ 1.075 ಎಕರೆ, ಅಂದರೆ 43 ಗುಂಟೆ. ವಾಸ್ತವದಲ್ಲಿ ಒಟ್ಟು 95 ಗುಂಟೆ, ತಲಾ ನಲವತ್ತೇಳೂವರೆ: 1 ಎಕರೆ 7 ಗುಂಟೆ 8 ಆಣೆ. ಇಬ್ಬರದೂ ಸೇರಿ 9 ಗುಂಟೆ ಲೆಕ್ಕದಿಂದಲೇ ಮಾಯ. ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಲು ಅಷ್ಟು ಸಾಕು.

ಈ ತಪ್ಪು ಕೆಲವೊಮ್ಮೆ ಕಣ್ಣಿಗೆ ಬೀಳುವುದೇ ಇಲ್ಲ. 2.15ರಲ್ಲಿ ಸಾಗುವಳಿಯ ಲೆಕ್ಕಕ್ಕೆ ಸೇರದ 5 ಗುಂಟೆ ಖರಾಬು ಜಾಗ ಕಳೆದರೆ ಎರಡೂ ರೀತಿಯ ಲೆಕ್ಕದಲ್ಲಿ 2.10 ಎಂದೇ ಬರುತ್ತದೆ. ದಶಕ ತೆಗೆಯಬೇಕಾದಾಗಲಷ್ಟೇ ಗುಟ್ಟು ಬಯಲಾಗುತ್ತದೆ. 2 ಎಕರೆ 5 ಗುಂಟೆಯಲ್ಲಿ 10 ಗುಂಟೆ ಕಳೆದರೆ ಉಳಿಯುವುದು 1 ಎಕರೆ 35 ಗುಂಟೆ, ಆ್ಯಪ್ 1.95 ಎನ್ನುತ್ತದೆ. ಗುಂಟೆಯ ಜಾಗದಲ್ಲಿ 39ಕ್ಕಿಂತ ದೊಡ್ಡ ಅಂಕಿ ಕಂಡರೆ ಆ ಉತ್ತರವನ್ನು ಪೂರ್ತಿ ಬದಿಗಿಡಿ.

ಪ್ರಶ್ನೆಯನ್ನು ಬರೆಯುವ ರೀತಿ ಬದಲಾಯಿಸಿದ ಮೇಲೆ ಬಹಳ ಸುಧಾರಣೆಯಾಯಿತು. "ಇದೇನು? ಕನ್ನಡದಲ್ಲಿ ಹೇಳಿ" ಎಂದಷ್ಟೇ ಬರೆದರೆ ಪಹಣಿ ಎಂದರೇನು ಎಂಬ ಉದ್ದನೆಯ ಪ್ರಬಂಧ ಬರುತ್ತದೆ. ಈಗ ನಾನು ಚಿತ್ರದ ಜೊತೆ ಹೀಗೆ ಬರೆಯುತ್ತೇನೆ: "ಇದು ಕರ್ನಾಟಕದ ಪಹಣಿಯ ಮೂರನೇ ಕಾಲಂ. ಚಿತ್ರದಲ್ಲಿ ಇರುವುದನ್ನು ಮೊದಲು ಇದ್ದ ಹಾಗೆಯೇ ಬರೆಯಿರಿ. ಅಂಕಿಗಳು ಎಕರೆ, ಗುಂಟೆ, ಆಣೆ ಕ್ರಮದಲ್ಲಿವೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಓದಲಾಗದ ಕಡೆ ಓದಲಾಗುತ್ತಿಲ್ಲ ಎಂದು ಬರೆಯಿರಿ. ಆಮೇಲೆ ವಿವರಿಸಿ. ಉತ್ತರ ಕನ್ನಡದಲ್ಲಿರಲಿ." ಇದ್ದ ಹಾಗೆಯೇ ಬರೆಯಿರಿ ಎಂಬ ವಾಕ್ಯವೇ ಇದರಲ್ಲಿ ಮುಖ್ಯ. ಅದಿದ್ದರೆ ತಪ್ಪು ಓದಿನಲ್ಲಿದೆಯೋ ಲೆಕ್ಕದಲ್ಲಿದೆಯೋ ಎಂಬುದು ಕಾಗದದ ಪಕ್ಕ ಹಿಡಿದ ಕೂಡಲೇ ತಿಳಿಯುತ್ತದೆ.

ಉತ್ತರದ ಕನ್ನಡ ಸ್ವಲ್ಪ ಪಠ್ಯಪುಸ್ತಕದಂತಿದ್ದರೂ ಅರ್ಥವಾಗುತ್ತದೆ. ಆದರೆ ಖರಾಬಿನ ವಿಷಯದಲ್ಲಿ ಅದರ ವಿವರಣೆಯನ್ನು ನಂಬಬೇಡಿ. ಅ ಖರಾಬು ಮತ್ತು ಬ ಖರಾಬು ಎರಡನ್ನೂ ಸೇರಿಸಿ "ಬೇಸಾಯಕ್ಕೆ ಯೋಗ್ಯವಲ್ಲದ ಭೂಮಿ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತದೆ. ಬ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಾಗ. ಜಮೀನು ಕೊಳ್ಳುವವರು ಇದನ್ನು ಅರಿಯದೆ ಹಣ ಕೊಟ್ಟರೆ, ತಮ್ಮದಾಗದ ನೆಲಕ್ಕೂ ಬೆಲೆ ತೆತ್ತಂತಾಗುತ್ತದೆ. ನಾನು ಈ ಎರಡರ ಬಗ್ಗೆ ಬೇರೆ ಬೇರೆಯಾಗಿಯೇ ಕೇಳುತ್ತೇನೆ, ಬಂದ ಉತ್ತರವನ್ನು ಗ್ರಾಮ ಆಡಳಿತಾಧಿಕಾರಿಗಳ ಬಳಿ ಖಚಿತಪಡಿಸಿಕೊಳ್ಳುತ್ತೇನೆ.

ಹಳೆಯ ಕೈಬರಹದ ಪಹಣಿಗೆ ಇದನ್ನು ಬಳಸಲೇಬೇಡಿ. ಮಸುಕಾದ ಶಾಯಿಯ ೬ ಮತ್ತು ೯ ಅದಲುಬದಲಾಗುತ್ತವೆ, ಸರ್ವೆ ನಂಬರೇ ಬೇರೆಯಾಗುತ್ತದೆ. ಓದಲು ಬಾರದ ಹೆಸರಿನ ಜಾಗದಲ್ಲಿ ಊರಿನಲ್ಲಿ ಇರಬಹುದಾದಂಥ ಯಾವುದೋ ಹೆಸರನ್ನು ಬರೆದುಬಿಡುತ್ತದೆ. ಓದಲಾಗುತ್ತಿಲ್ಲ ಎಂದು ಬರೆಯಲು ಸೂಚಿಸಿದ್ದರೂ ಇಲ್ಲಿ ಅದು ಪಾಲಿಸುವುದು ಅಪರೂಪ. ಅಂಥ ಕಾಗದಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಹಳೆಯ ಬರಹ ಓದಬಲ್ಲವರ ಮುಂದೆ ಇಡುವುದೇ ಸರಿ.